ರಾಜೀನಾಮೆ ಎಂಬ ಒಂದು ಪದ

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಒಬ್ಬ ಯುವಕ ಗಲ್ಫ್‌ಗೆ ಹೊರಡುವಾಗ ಕಾಗದಪತ್ರಗಳ ಬಳಿ ಮನೆಮಂದಿಯೆಲ್ಲ ಸೇರುತ್ತಾರೆ. ವೀಸಾದ ಪ್ರತಿಯನ್ನು ಮಾವ ಓದುತ್ತಾರೆ, ವೈದ್ಯಕೀಯ ತಪಾಸಣೆಯ ವರದಿಯನ್ನು ಅಣ್ಣ ಜೋಡಿಸಿಡುತ್ತಾನೆ, ಪಾಸ್‌ಪೋರ್ಟನ್ನು ಉಮ್ಮ ಕಪಾಟಿನಲ್ಲಿ ಭದ್ರವಾಗಿ ಇರಿಸುತ್ತಾರೆ. ಆದರೆ ಹತ್ತು ವರ್ಷಗಳ ಬಳಿಕ ಅದೇ ವ್ಯಕ್ತಿ ಕೆಲಸ ಬಿಟ್ಟು ಹಿಂದಿರುಗಲು ತೀರ್ಮಾನಿಸಿದಾಗ, ಆತ ಬರೆಯುವ ಕೊನೆಯ ಪತ್ರದ ಬಳಿ ಯಾರೂ ಇರುವುದಿಲ್ಲ. ಕ್ಯಾಂಪಿನ ಮಂಚದ ಮೇಲೆ ಕುಳಿತು, ಗೆಳೆಯನೊಬ್ಬ ಮೊಬೈಲಿನಲ್ಲಿ ಕಳುಹಿಸಿದ ಮಾದರಿಯನ್ನು ನೋಡಿ, ಹೆಸರು ಮತ್ತು ದಿನಾಂಕವನ್ನಷ್ಟೇ ಬದಲಿಸಿ ಸಹಿ ಹಾಕುತ್ತಾನೆ. ಎಷ್ಟೋ ವರ್ಷಗಳ ದುಡಿಮೆಯ ಕೊನೆಯ ಲೆಕ್ಕ ಆ ನಾಲ್ಕು ಸಾಲುಗಳ ಮೇಲೆ ನಿಂತಿರುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ನನಗೂ ತಿಳಿದಿರಲಿಲ್ಲ.

2009ರ ಏಪ್ರಿಲ್‌ನಲ್ಲಿ ನಾನು ಸೌದಿ ಅರೇಬಿಯದ ಜುಬೈಲ್‌ನ ಒಂದು ಕಂಪೆನಿಗೆ ಟೈಮ್‌ಕೀಪರ್ ಆಗಿ ಸೇರಿದೆ. ಎರಡು ವರ್ಷದ ಒಪ್ಪಂದ ಒಮ್ಮೆ ನವೀಕರಣಗೊಂಡು, 2013ರ ಏಪ್ರಿಲ್‌ನಲ್ಲಿ ಮುಗಿಯುವುದಿತ್ತು. ಅದಕ್ಕೆ ಒಂದು ತಿಂಗಳು ಬಾಕಿ ಇರುವಾಗ ಉಮ್ಮನ ಆರೋಗ್ಯ ಕೆಟ್ಟಿತು. ನಾನು ಬೇರೇನೂ ಯೋಚಿಸಲಿಲ್ಲ. 'ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ, ದಯವಿಟ್ಟು ಶೀಘ್ರವಾಗಿ ಬಿಡುಗಡೆ ಮಾಡಿ' ಎಂದು ಬರೆದುಕೊಟ್ಟೆ. ಅವರೂ ತಡಮಾಡಲಿಲ್ಲ. ನಾನು ಊರು ತಲುಪಿದ ಹನ್ನೊಂದನೆಯ ದಿನ ಉಮ್ಮ ಅಲ್ಲಾಹನ ಕರೆಗೆ ಓಗೊಟ್ಟರು. ಅವರ ಬಳಿ ಇರಲು ಸಾಧ್ಯವಾದ ಆ ಹನ್ನೊಂದು ದಿನಗಳಿಗೆ ಬದಲಾಗಿ ಯಾವ ಹಣವೂ ನನಗೆ ಬೇಕಿಲ್ಲ. ಆದರೆ ಆ ಪತ್ರವನ್ನು ಬೇರೆ ರೀತಿಯಲ್ಲಿ ಬರೆದಿದ್ದರೂ ಆ ಹನ್ನೊಂದು ದಿನಗಳು ನನಗೆ ದೊರೆಯುತ್ತಿದ್ದವು. ಇದು ಅರಿವಾದದ್ದು ಬಹಳ ತಡವಾಗಿ.

ನನ್ನ ಕೊನೆಯ ವೇತನ ತಿಂಗಳಿಗೆ 2,400 ರಿಯಾಲ್. ನಾಲ್ಕು ವರ್ಷಕ್ಕೆ ಒಂದು ತಿಂಗಳು ಕಡಿಮೆ ಇದ್ದ ನನ್ನ ಸೇವೆಗೆ ಪೂರ್ಣ ಲೆಕ್ಕದಲ್ಲಿ 4,700 ರಿಯಾಲ್ ಸರ್ವಿಸ್ ಹಣ ಬರಬೇಕಿತ್ತು. ಕೈಗೆ ಬಂದದ್ದು ಅದರ ಮೂರನೆಯ ಒಂದು ಭಾಗ, 1,566 ರಿಯಾಲ್. ಟಿಕೆಟಿನ ಹಣವನ್ನೂ ನಾನೇ ಕೊಟ್ಟೆ. ಕಂಪೆನಿ ನನಗೆ ಮೋಸ ಮಾಡಿತೆಂದು ಬಹಳ ಕಾಲ ನಂಬಿದ್ದೆ. ಆದರೆ ಅವರು ಕಾನೂನಿನ ಪ್ರಕಾರವೇ ನಡೆದುಕೊಂಡಿದ್ದರು. ನಾನು ಬರೆದ 'ರಾಜೀನಾಮೆ' ಎಂಬ ಪದಕ್ಕೆ ಕಾನೂನು ನಿಗದಿಪಡಿಸಿದ ಬೆಲೆಯೇ ಅದಾಗಿತ್ತು.

ಆ ಬೆಲೆ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೌದಿ ಕಾರ್ಮಿಕ ಕಾನೂನಿನ 84ನೆಯ ವಿಧಿಯ ಪ್ರಕಾರ, ಸೇವೆ ಕೊನೆಗೊಂಡಾಗ ಮೊದಲ ಐದು ವರ್ಷಗಳಲ್ಲಿ ಪ್ರತಿ ವರ್ಷಕ್ಕೆ ಅರ್ಧ ತಿಂಗಳ ವೇತನ, ಆ ಬಳಿಕದ ಪ್ರತಿ ವರ್ಷಕ್ಕೆ ಒಂದು ತಿಂಗಳ ವೇತನ ಕಾರ್ಮಿಕನಿಗೆ ಸಲ್ಲಬೇಕು. ಲೆಕ್ಕಕ್ಕೆ ಆಧಾರ ಆತನ ಕೊನೆಯ ವೇತನ. ಇದು ಪೂರ್ಣ ಮೊತ್ತ. ಮುಂದಿನ 85ನೆಯ ವಿಧಿ ರಾಜೀನಾಮೆ ನೀಡಿದವನಿಗೆ ಸಂಬಂಧಿಸಿದ್ದು. ಎರಡು ವರ್ಷ ತುಂಬದೆ ಬಿಟ್ಟವನಿಗೆ ಏನೂ ಇಲ್ಲ. ಎರಡರಿಂದ ಐದು ವರ್ಷದೊಳಗೆ ಬಿಟ್ಟವನಿಗೆ ಆ ಮೊತ್ತದ ಮೂರನೆಯ ಒಂದು ಭಾಗ. ಐದು ವರ್ಷ ದಾಟಿ ಹತ್ತು ತುಂಬುವ ಮುನ್ನ ಬಿಟ್ಟವನಿಗೆ ಮೂರನೆಯ ಎರಡು ಭಾಗ. ಹತ್ತು ವರ್ಷ ತುಂಬಿದವನಿಗೆ ಪೂರ್ಣ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸೌದಿಯಲ್ಲಿ ವಿದೇಶಿ ಕಾರ್ಮಿಕನ ಒಪ್ಪಂದ ಯಾವಾಗಲೂ ಅವಧಿ ನಿಗದಿಯಾದ ಒಪ್ಪಂದವೇ. ಒಂದು ವರ್ಷ ಅಥವಾ ಎರಡು ವರ್ಷವೆಂದು ಅದಕ್ಕೊಂದು ಕೊನೆಯ ದಿನ ಇರುತ್ತದೆ. ಆ ದಿನದವರೆಗೆ ದುಡಿದು, 'ಇನ್ನು ಮುಂದಕ್ಕೆ ನವೀಕರಿಸುವುದಿಲ್ಲ' ಎಂದು ಹೊರಡುವವನು ರಾಜೀನಾಮೆ ನೀಡಿದವನಲ್ಲ. ಆತನ ಒಪ್ಪಂದ ಅವಧಿ ಮುಗಿದು ತಾನಾಗಿ ಕೊನೆಗೊಂಡಿದೆ. ಆದ್ದರಿಂದ 85ನೆಯ ವಿಧಿಯ ಕಡಿತ ಆತನಿಗೆ ತಗಲುವುದಿಲ್ಲ. ನಾನು ಅಂದು ಮೊದಲು ತುರ್ತು ರಜೆ ಕೇಳಿ ಉಮ್ಮನ ಬಳಿಗೆ ಬಂದು, ಮರಳಿ ಹೋಗಿ ಉಳಿದ ಕೆಲವು ದಿನಗಳನ್ನು ಮುಗಿಸಿ, ನವೀಕರಣ ಬೇಡವೆಂದಿದ್ದರೆ ನನ್ನ ಹಕ್ಕಿನ ಪೂರ್ಣ ಮೊತ್ತ ನನಗೆ ಸಿಗುತ್ತಿತ್ತು.

ಈ ಪಾಠ ಪ್ರಯೋಜನಕ್ಕೆ ಬಂದದ್ದು ಒಂಬತ್ತು ವರ್ಷಗಳ ಬಳಿಕ, ನನ್ನ ಅಕ್ಕನ ಗಂಡನ ವಿಷಯದಲ್ಲಿ.

ಭಾವ 2015ರ ಜನವರಿ 15ರಂದು ಜುಬೈಲ್‌ನ ಇನ್ನೊಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆಗಿ ಸೇರಿದ್ದರು. ಮೂಲ ವೇತನ 1,500 ರಿಯಾಲ್, ಊಟದ ಭತ್ಯೆ 300 ರಿಯಾಲ್, ವಾಸ ಕಂಪೆನಿಯ ಕ್ಯಾಂಪಿನಲ್ಲಿ. 2022ರ ಅಕ್ಟೋಬರ್‌ನ ಒಂದು ಶುಕ್ರವಾರ ಜುಮುಅದ ಬಳಿಕ ಅವರು ಕರೆಮಾಡಿದರು. ಮೊಣಕಾಲು ನೋವು ಹೆಚ್ಚಾಗಿದೆ, ಮಗಳ ನಿಕಾಹ್ ಮಾರ್ಚ್‌ನಲ್ಲಿ ನಿಶ್ಚಯವಾಗಿದೆ, ಇನ್ನು ಸಾಕು ಎಂದರು. ಬಳಿಕ, "ತಮ್ಮಾ, ನಿನಗೆ ಇಂಗ್ಲಿಷ್ ಬರುತ್ತದೆ. ಒಂದು ರಾಜೀನಾಮೆ ಪತ್ರ ಬರೆದು ಕಳುಹಿಸು" ಎಂದು ಕೇಳಿದರು.

"ಭಾವ, ಆ ಪದವನ್ನು ಮಾತ್ರ ಎಲ್ಲಿಯೂ ಬರೆಯಬೇಡಿ. ಬಾಯಿಯಲ್ಲಿಯೂ ಹೇಳಬೇಡಿ. ಮೊದಲು ನಿಮ್ಮ ಒಪ್ಪಂದದ ಪ್ರತಿ ಕಳುಹಿಸಿ" ಎಂದೆ.

ಈಗ ಕಿವಾ ಎಂಬ ಸರಕಾರಿ ತಾಣದಲ್ಲಿ ಕಾರ್ಮಿಕನು ತನ್ನ ಒಪ್ಪಂದವನ್ನು ತಾನೇ ನೋಡಬಹುದು. ಭಾವ ಅದನ್ನು ತೆರೆದದ್ದು ಅಂದೇ ಮೊದಲು. ಒಪ್ಪಂದ ಎರಡು ವರ್ಷದ್ದು, ಮುಗಿಯುವ ದಿನ 2023ರ ಜನವರಿ 14. ಅದರೊಳಗೆ ನಮಗೆ ಬೇಕಾದ ಎರಡು ಸಾಲುಗಳಿದ್ದವು. ಒಂದು, ಮುಗಿಯುವುದಕ್ಕೆ 60 ದಿನ ಮುಂಚಿತವಾಗಿ ಯಾರೊಬ್ಬರೂ ಲಿಖಿತವಾಗಿ ತಿಳಿಸದಿದ್ದರೆ ಒಪ್ಪಂದ ಅಷ್ಟೇ ಅವಧಿಗೆ ತಾನಾಗಿ ನವೀಕರಣಗೊಳ್ಳುತ್ತದೆ ಎಂಬುದು. ಇನ್ನೊಂದು, ಹಿಂದಿರುಗುವ ಟಿಕೆಟ್ ಮಂಗಳೂರಿಗೆ ಎಂಬುದು. ಮೊದಲ ಸಾಲಿನ ಅರ್ಥ ಬಹಳ ಗಂಭೀರವಾದುದು. ನವೆಂಬರ್ ಮಧ್ಯದವರೆಗೆ ಭಾವ ಸುಮ್ಮನಿದ್ದರೆ ಅವರು ಮತ್ತೆರಡು ವರ್ಷ ಬದ್ಧರಾಗುತ್ತಿದ್ದರು. ಆ ಬಳಿಕ ಬಿಡುವುದೆಂದರೆ ನಡುವೆಯೇ ಒಪ್ಪಂದ ಮುರಿಯುವುದು. ಸರ್ವಿಸ್ ಹಣದಲ್ಲಿ ಕಡಿತವಾಗುವುದರ ಜೊತೆಗೆ, 77ನೆಯ ವಿಧಿಯ ಪ್ರಕಾರ ಕಂಪೆನಿ ಪರಿಹಾರ ಕೇಳಬಹುದು. ಸೂಕ್ತ ಕಾರಣವಿಲ್ಲದೆ ಹಿಂದಿರುಗ ಬಯಸುವವನ ಟಿಕೆಟಿನ ಹೊಣೆ ಆತನದೇ ಎಂದು 40ನೆಯ ವಿಧಿ ಹೇಳುತ್ತದೆ. ಒಪ್ಪಂದ ಮುಗಿಸಿ ಹೊರಡುವವನ ಟಿಕೆಟ್ ಮಾತ್ರ ಕಂಪೆನಿಯ ಹೊಣೆ.

ನವೆಂಬರ್ 1ರ ದಿನಾಂಕ ಹಾಕಿ ನಾವು ಪತ್ರ ಬರೆದೆವು. ಇಂಗ್ಲಿಷ್‌ನಲ್ಲಿ ನಾನು ಬರೆದದ್ದನ್ನು ಭಾವನ ಕೋಣೆಯಲ್ಲಿದ್ದ ಒಬ್ಬ ಈಜಿಪ್ಟಿನ ಗೆಳೆಯರು ಅರಬಿಗೆ ಅನುವಾದಿಸಿದರು. ಕನ್ನಡದಲ್ಲಿ ಅದರ ಸಾರ ಹೀಗಿದೆ:

'ವ್ಯವಸ್ಥಾಪಕರಿಗೆ, ಅಸ್ಸಲಾಮು ಅಲೈಕುಂ. 2015ರ ಜನವರಿ 15ರಿಂದ ನಾನು ತಮ್ಮ ಸಂಸ್ಥೆಯಲ್ಲಿ ಸ್ಟೋರ್ ಕೀಪರ್ ಆಗಿ ದುಡಿಯುತ್ತಿದ್ದೇನೆ. ನನ್ನ ಈಗಿನ ಒಪ್ಪಂದ 2023ರ ಜನವರಿ 14ರಂದು ಮುಗಿಯುತ್ತದೆ. ಅದನ್ನು ನವೀಕರಿಸಲು ನಾನು ಇಚ್ಛಿಸುವುದಿಲ್ಲವೆಂದು ಒಪ್ಪಂದದ ಷರತ್ತಿನಂತೆ ಈ ಮೂಲಕ ತಿಳಿಸುತ್ತಿದ್ದೇನೆ. ಕೊನೆಯ ದಿನದವರೆಗೆ ಎಂದಿನಂತೆ ಕೆಲಸಕ್ಕೆ ಹಾಜರಾಗುತ್ತೇನೆ ಮತ್ತು ನನ್ನ ವಶದಲ್ಲಿರುವ ಸಾಮಾನುಗಳ ಲೆಕ್ಕವನ್ನು ತಾವು ಸೂಚಿಸಿದವರಿಗೆ ಒಪ್ಪಿಸುತ್ತೇನೆ. ಒಪ್ಪಂದ ಮುಗಿದ ಬಳಿಕ ನನ್ನ ಸೇವಾಂತ್ಯದ ಹಣ, ಬಳಸದ ರಜೆಯ ವೇತನ, ಬಾಕಿ ವೇತನ, ಸೇವಾ ಪ್ರಮಾಣಪತ್ರ, ಅಂತಿಮ ನಿರ್ಗಮನ ವೀಸಾ ಹಾಗೂ ಮಂಗಳೂರಿಗೆ ಟಿಕೆಟನ್ನು ಒದಗಿಸಬೇಕಾಗಿ ವಿನಂತಿ. ಎಂಟು ವರ್ಷ ನನಗೆ ಕೆಲಸ ನೀಡಿದ್ದಕ್ಕೆ ಕೃತಜ್ಞ.'

ಇಷ್ಟೇ ಪತ್ರ. ಇದರಲ್ಲಿ ಮೊಣಕಾಲು ನೋವಿನ ಮಾತಿಲ್ಲ, ನಿಕಾಹ್‌ನ ಮಾತಿಲ್ಲ. ಕಾರಣ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಕ್ಯಾಂಪಿನಲ್ಲಿ ಒಬ್ಬರು, ಮನೆಯಲ್ಲಿ ಮರಣವಾಗಿದೆ ಎಂದು ಬರೆದರೆ ಬೇಗ ಬಿಡುತ್ತಾರೆ ಎಂದು ಸಲಹೆ ನೀಡಿದ್ದರಂತೆ. ಭಾವ ಅದಕ್ಕೆ ಒಪ್ಪಲಿಲ್ಲ. ತನ್ನ ಹಕ್ಕನ್ನು ಕೇಳಲು ಹೊರಟವನು ಸುಳ್ಳಿನಿಂದ ಆರಂಭಿಸಬಾರದು ಎಂದರು.

ಪತ್ರದ ಎರಡು ಪ್ರತಿಗಳನ್ನು ಒಯ್ದು, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕರಿಸಿದ ಮೊಹರು, ದಿನಾಂಕ ಹಾಕಿಸಿಕೊಳ್ಳಿ ಎಂದಿದ್ದೆ. ಮೊಹರು ಹಾಕಲು ಅಲ್ಲಿನ ಗುಮಾಸ್ತರು ಹಿಂಜರಿದರು. ಭಾವ ಅದೇ ಸಂಜೆ ಪತ್ರದ ಚಿತ್ರವನ್ನು ಕಂಪೆನಿಯ ಅಧಿಕೃತ ಇಮೇಲ್‌ಗೆ ಕಳುಹಿಸಿದರು. ಮೂರನೆಯ ದಿನ ಮೊಹರು ಬಿತ್ತು. ಸಾಲದ ವ್ಯವಹಾರವನ್ನು ಬರೆದಿಡಲು ಹೇಳುವ ವಚನ ಕುರ್‌ಆನಿನ ಅತಿ ದೀರ್ಘ ವಚನವಾಗಿದೆ ಎಂಬುದನ್ನು ನಾವು ಮದ್ರಸದಲ್ಲಿಯೇ ಕಲಿಯುತ್ತೇವೆ. ಆದರೆ ಕಫೀಲನ ಮುಂದೆ ನಿಂತಾಗ ಒಂದು ಮೊಹರು ಕೇಳಲು ನಮಗೆ ಸಂಕೋಚವಾಗುತ್ತದೆ.

ಆ ಬಳಿಕದ ಎರಡೂವರೆ ತಿಂಗಳು ಭಾವ ಒಂದು ದಿನವೂ ಗೈರುಹಾಜರಾಗಲಿಲ್ಲ. ಹೊರಡುವ ದಿನ ಹತ್ತಿರವಾದಂತೆ ಕೆಲವರು ಕೆಲಸಕ್ಕೆ ಹೋಗುವುದನ್ನು ನಿಲ್ಲಿಸುತ್ತಾರೆ, ಇನ್ನು ಕೆಲವರು ಬೇರೆ ಕಡೆ ನಾಲ್ಕು ದಿನ ದುಡಿಯಲು ಹೋಗುತ್ತಾರೆ. ಇದು ಅಪಾಯಕಾರಿ. ಕೆಲಸಕ್ಕೆ ಬಾರದವನನ್ನು ಕಂಪೆನಿ ಗೈರುಹಾಜರೆಂದು ಸರಕಾರಕ್ಕೆ ವರದಿಮಾಡಬಹುದು. ನಮ್ಮವರು ಅದನ್ನು ಹುರೂಬ್ ಎನ್ನುತ್ತಾರೆ. ಒಮ್ಮೆ ಆ ದಾಖಲೆ ಬಿದ್ದರೆ ಸರ್ವಿಸ್ ಹಣದ ಮಾತು ಹಾಗಿರಲಿ, ನೇರವಾಗಿ ಊರಿಗೆ ಹೊರಡುವುದೇ ಕಷ್ಟವಾಗುತ್ತದೆ. ಅದೇ ಅವಧಿಯಲ್ಲಿ ಭಾವ ಅಬ್ಶಿರ್ ತಾಣದಲ್ಲಿ ತಮ್ಮ ಹೆಸರಿನಲ್ಲಿ ದಂಡವೇನಾದರೂ ಇದೆಯೇ ಎಂದು ನೋಡಿದರು. ಯಾರಿಗೋ ತೆಗೆದುಕೊಟ್ಟಿದ್ದ ಮೊಬೈಲ್ ಸಂಪರ್ಕವೊಂದರ ಬಾಕಿಯನ್ನು ತೀರಿಸಿ ಅದನ್ನು ಮುಚ್ಚಿಸಿದರು. ಬ್ಯಾಂಕ್ ಖಾತೆಯನ್ನು ಮಾತ್ರ ಮುಚ್ಚಿಸಬೇಡಿ, ಕೊನೆಯ ಹಣ ಅಲ್ಲಿಗೇ ಬರಬೇಕು ಎಂದು ನಾನು ತಡೆದೆ.

ಜನವರಿ 16ರಂದು ಕಚೇರಿಯವರು ಭಾವನನ್ನು ಕರೆದು ಎರಡು ಕಾಗದಗಳನ್ನು ಮುಂದಿಟ್ಟರು. ಒಂದು ಲೆಕ್ಕದ ಹಾಳೆ. ಇನ್ನೊಂದು ಮುಖಾಲಸ, ಅಂದರೆ 'ನನಗೆ ಸಲ್ಲಬೇಕಾದ ಎಲ್ಲವನ್ನೂ ಪಡೆದಿದ್ದೇನೆ, ಇನ್ನು ಯಾವ ಬಾಕಿಯೂ ಇಲ್ಲ' ಎಂಬ ಋಣಮುಕ್ತಿ ಪತ್ರ. "ಸಹಿ ಹಾಕು, ನಾಳೆಯೇ ಖುರೂಜ್ ಆಗುತ್ತದೆ, ಹಣ ಆಮೇಲೆ ಖಾತೆಗೆ ಬರುತ್ತದೆ" ಎಂದರಂತೆ. ಭಾವ ಓದಿ ನೋಡಲು ಒಂದು ದಿನ ಕೇಳಿ, ಲೆಕ್ಕದ ಚಿತ್ರವನ್ನು ನನಗೆ ಕಳುಹಿಸಿದರು.

ಆ ಹಾಳೆಯ ಮೇಲ್ಭಾಗದಲ್ಲಿ, ಸೇವೆ ಕೊನೆಗೊಂಡ ಕಾರಣ ಎಂಬಲ್ಲಿ, 'ರಾಜೀನಾಮೆ' ಎಂದು ಬರೆಯಲಾಗಿತ್ತು. ಪತ್ರದಲ್ಲಿ ನಾವು ಎಚ್ಚರದಿಂದ ದೂರವಿಟ್ಟ ಪದವನ್ನು ಲೆಕ್ಕಿಗರು ಅಭ್ಯಾಸಬಲದಿಂದ ತಾವೇ ಸೇರಿಸಿದ್ದರು. ಲೆಕ್ಕ ಹೀಗಿತ್ತು: ಆಧಾರ, ಮೂಲ ವೇತನ 1,500 ರಿಯಾಲ್. ಮೊದಲ ಐದು ವರ್ಷಕ್ಕೆ 750ರಂತೆ 3,750. ನಂತರದ ಮೂರು ವರ್ಷಕ್ಕೆ 1,500ರಂತೆ 4,500. ಒಟ್ಟು 8,250. ರಾಜೀನಾಮೆಯಾದ್ದರಿಂದ ಅದರ ಮೂರನೆಯ ಎರಡು ಭಾಗ, 5,500 ರಿಯಾಲ್. ಕೊನೆಯ ವರ್ಷದ 30 ದಿನಗಳ ರಜೆಗೆ 1,500. ಜನವರಿಯ 14 ದಿನಗಳ ವೇತನ 840. ಎಲ್ಲ ಸೇರಿ 7,840 ರಿಯಾಲ್.

ಎರಡು ತಪ್ಪುಗಳಿದ್ದವು. ಮೊದಲನೆಯದು ಕಾರಣದ್ದು. ಎರಡನೆಯದು ವೇತನದ್ದು. ಕಾನೂನಿನಲ್ಲಿ ವೇತನವೆಂದರೆ ಮೂಲ ವೇತನ ಮಾತ್ರವಲ್ಲ, ತಿಂಗಳು ತಿಂಗಳು ನಿಯಮಿತವಾಗಿ ಸಲ್ಲುವ ಭತ್ಯೆಗಳೂ ಅದರಲ್ಲಿ ಸೇರುತ್ತವೆ. ಮಾರಾಟದ ಕಮಿಷನ್‌ನಂತೆ ಏರಿಳಿಯುವ ಅಂಶಗಳನ್ನು ಪರಸ್ಪರ ಒಪ್ಪಿ ಹೊರಗಿಡಲು ಅವಕಾಶವಿದೆ. ಎಂಟು ವರ್ಷ ಒಂದೇ ಸಮನೆ ಬಂದ 300 ರಿಯಾಲ್ ಊಟದ ಭತ್ಯೆ ಅಂತಹದಲ್ಲ. ಹಾಗಾಗಿ ಲೆಕ್ಕದ ಆಧಾರ 1,800 ರಿಯಾಲ್ ಆಗಬೇಕು. ಆಗ ಮೊದಲ ಐದು ವರ್ಷಕ್ಕೆ 900ರಂತೆ 4,500, ಮುಂದಿನ ಮೂರು ವರ್ಷಕ್ಕೆ 1,800ರಂತೆ 5,400, ಒಟ್ಟು 9,900. ರಜೆಯ ವೇತನ 1,800. ಬಾಕಿ ವೇತನ 840. ಎಲ್ಲ ಸೇರಿ 12,540 ರಿಯಾಲ್. ಎರಡು ಲೆಕ್ಕಗಳ ನಡುವಿನ ಅಂತರ 4,700 ರಿಯಾಲ್, ನಮ್ಮ ಹಣದಲ್ಲಿ ಅಂದು ಸುಮಾರು ಒಂದು ಲಕ್ಷ ರೂಪಾಯಿ.

ಈ ಸಂಖ್ಯೆಯನ್ನು ಹೇಳಿದಾಗ ಭಾವ ಸಂತೋಷಪಡುತ್ತಾರೆಂದು ಎಣಿಸಿದ್ದೆ. ಅವರು ಬಹಳ ಹೊತ್ತು ಮೌನವಾಗಿದ್ದರು. ಬಳಿಕ, "ಎಂಟು ವರ್ಷ ಅನ್ನ ಕೊಟ್ಟ ಜಾಗ. ಹೊರಡುವಾಗ ಜಗಳವಾಡಿ ಹೋಗಬೇಕೇ? ಕೊಟ್ಟಷ್ಟನ್ನು ಶುಕ್ರ್ ಹೇಳಿ ತೆಗೆದುಕೊಂಡರಾಗದೇ?" ಎಂದು ಕೇಳಿದರು.

ನಮ್ಮಲ್ಲಿ ಎಷ್ಟೋ ಮಂದಿ ಸಹಿ ಹಾಕುವುದು ಈ ಮಾತಿನ ಮೇಲೆಯೇ. ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. "ಭಾವ, ಹಕ್ಕನ್ನು ಬಿಟ್ಟುಕೊಡುವುದು ನಿಮ್ಮ ಇಷ್ಟ. ಆದರೆ ಬಿಟ್ಟುಕೊಟ್ಟೆ ಎಂದು ಬರೆದು ಬಿಟ್ಟುಕೊಡಿ. ಪಡೆಯದ ಹಣವನ್ನು ಪಡೆದಿದ್ದೇನೆ ಎಂದು ಹೇಗೆ ಸಹಿ ಹಾಕುತ್ತೀರಿ? ಅದು ಸುಳ್ಳು ಸಾಕ್ಷ್ಯವಾಗುವುದಿಲ್ಲವೇ?" ಎಂದೆ. ಕೆಲಸಗಾರನ ಬೆವರು ಆರುವ ಮೊದಲು ಆತನ ಕೂಲಿಯನ್ನು ಕೊಡಬೇಕೆಂಬ ಪ್ರವಾದಿ(ಸ)ರ ಉಪದೇಶವನ್ನು ನಾವು ಸಾಮಾನ್ಯವಾಗಿ ಯಜಮಾನನಿಗೆ ಹೇಳಿದ ಮಾತೆಂದಷ್ಟೇ ತಿಳಿಯುತ್ತೇವೆ. ಕೊಡಬೇಕಾದವನು ಕೊಡದೆ ಹೊಣೆಗಾರನಾಗಿ ಉಳಿಯದಂತೆ, ಶಾಂತವಾಗಿ ನೆನಪಿಸುವುದು ಕೆಲಸಗಾರನು ಆತನಿಗೆ ಮಾಡುವ ಉಪಕಾರವೂ ಹೌದು.

ಮರುದಿನ ಭಾವ ಕಚೇರಿಗೆ ಹೋಗಿ ಮೊಹರು ಬಿದ್ದ ಪತ್ರವನ್ನೂ ಒಪ್ಪಂದದ ಪ್ರತಿಯನ್ನೂ ಮೇಜಿನ ಮೇಲಿಟ್ಟರು. ಕಾರಣದ ತಪ್ಪನ್ನು ಅವರು ಹೆಚ್ಚು ವಾದಿಸದೆ ತಿದ್ದಿದರು, ಸರ್ವಿಸ್ ಹಣ 8,250ಕ್ಕೆ ಏರಿತು. ಆದರೆ ಊಟದ ಭತ್ಯೆಯನ್ನು ಸೇರಿಸಲು ಒಪ್ಪಲಿಲ್ಲ, ಎಲ್ಲರಿಗೂ ಮೂಲ ವೇತನದ ಮೇಲೆಯೇ ಕೊಡುವುದು ಇಲ್ಲಿನ ಪದ್ಧತಿ ಎಂದರು. ಟಿಕೆಟನ್ನು ಮುಂಬೈಗೆ ಕೊಡುತ್ತೇವೆ ಎಂದೂ ಹೇಳಿದರು. ಕಾನೂನು ಟಿಕೆಟನ್ನು ಸ್ವದೇಶಕ್ಕೆ ಎಂದಷ್ಟೇ ಹೇಳುತ್ತದೆ, ಊರಿಗೆ ಎಂದಲ್ಲ. ನಮ್ಮ ಪಾಲಿಗೆ ಒಪ್ಪಂದದಲ್ಲಿ 'ಮಂಗಳೂರು' ಎಂದು ಬರೆದಿತ್ತು. ಆ ಒಂದು ಪದದಿಂದ ಟಿಕೆಟಿನ ಮಾತು ಅಲ್ಲಿಗೇ ಮುಗಿಯಿತು.

ಇಲ್ಲಿ ಖುರೂಜ್‌ನ ವಿಷಯವನ್ನು ಹೇಳಬೇಕು. ಖುರೂಜ್ ಔದ ಎಂದರೆ ಹೋಗಿ ಮರಳುವ ಅನುಮತಿ. ಖುರೂಜ್ ನಿಹಾಯಿ ಎಂದರೆ ಅಂತಿಮ ನಿರ್ಗಮನ. ಹಿಂದೆ ಇವೆರಡೂ ಸಂಪೂರ್ಣವಾಗಿ ಕಫೀಲನ ಕೈಯಲ್ಲಿದ್ದವು. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಸುಧಾರಣೆಯ ಬಳಿಕ ಕಾರ್ಮಿಕನು ಒಪ್ಪಂದ ಮುಗಿದಾಗ ಅಂತಿಮ ನಿರ್ಗಮನಕ್ಕೆ ತಾನೇ ಅರ್ಜಿ ಸಲ್ಲಿಸುವ ಅವಕಾಶವಿದೆ. ಮನೆಕೆಲಸದವರು, ಮನೆಯ ಚಾಲಕರು ಈ ವ್ಯವಸ್ಥೆಯೊಳಗೆ ಬರುವುದಿಲ್ಲ. ವೀಸಾ ನೀಡಿದ ದಿನದಿಂದ 60 ದಿನಗಳೊಳಗೆ ದೇಶ ಬಿಡಬೇಕು. ಬಿಡದೆ, ಅವಧಿ ಮುಗಿಯುವ ಮುನ್ನ ರದ್ದುಪಡಿಸದೆ ಇದ್ದರೆ ದಂಡ ಬೀಳುತ್ತದೆ. ಹಾಗಾಗಿ ಖುರೂಜ್ ಆದ ಕ್ಷಣದಿಂದ ಕಾಲ ಕಾರ್ಮಿಕನ ವಿರುದ್ಧ ಓಡತೊಡಗುತ್ತದೆ. ಹಣ ಬಾರದಿದ್ದರೂ ಟಿಕೆಟಿನ ದಿನ ಬಂದೇ ಬರುತ್ತದೆ. ಒಪ್ಪಂದ ಮುಗಿದವನ ಲೆಕ್ಕವನ್ನು ಒಂದು ವಾರದೊಳಗೆ, ತಾನಾಗಿ ಬಿಟ್ಟವನ ಲೆಕ್ಕವನ್ನು ಎರಡು ವಾರದೊಳಗೆ ತೀರಿಸಬೇಕೆಂದು 88ನೆಯ ವಿಧಿ ಹೇಳುತ್ತದೆ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಲೆಕ್ಕ, ಬಳಿಕ ಖಾತೆಗೆ ಹಣ, ಆಮೇಲೆ ಮುಖಾಲಸಕ್ಕೆ ಸಹಿ, ಕೊನೆಗೆ ಖುರೂಜ್ ಮತ್ತು ಟಿಕೆಟ್. ಇಷ್ಟು ಕಾಯಬೇಕಾದರೆ ಇಕಾಮದಲ್ಲಿ ಅವಧಿ ಉಳಿದಿರಬೇಕು. ಭಾವನ ಇಕಾಮ ಮಾರ್ಚ್ ಕೊನೆಯವರೆಗೆ ಇತ್ತು. ಅದು ನಮಗೆ ಉಸಿರಾಡಲು ಜಾಗ ಕೊಟ್ಟಿತು.

ಜನವರಿ 22ರಂದು ಭಾವ ಕಾರ್ಮಿಕ ಸಚಿವಾಲಯದ ತಾಣದಲ್ಲಿ ಸೌಹಾರ್ದ ಇತ್ಯರ್ಥಕ್ಕಾಗಿ ಅರ್ಜಿ ಸಲ್ಲಿಸಿದರು. ಅಲ್ಲಿ ಇದನ್ನು ವುದ್ದಿಯ ಎನ್ನುತ್ತಾರೆ. ಕೋರ್ಟಿಗೆ ಹೋಗುವ ಮುನ್ನ ಇದು ಕಡ್ಡಾಯ ಹಂತ. 21 ಕೆಲಸದ ದಿನಗಳೊಳಗೆ ಇಬ್ಬರನ್ನೂ ಕೂರಿಸಿ ಒಪ್ಪಿಸಲು ಯತ್ನಿಸುತ್ತಾರೆ, ಆಗದಿದ್ದರೆ ವಿಷಯ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುತ್ತದೆ. ಅರ್ಜಿಗೆ ಜೋಡಿಸಿದ್ದು ಮೂರೇ ಕಾಗದ: ಒಪ್ಪಂದ, ಮೊಹರು ಬಿದ್ದ ಪತ್ರ, ಒಂದು ವರ್ಷದ ಬ್ಯಾಂಕ್ ವಿವರ. ಪ್ರತಿ ತಿಂಗಳೂ 1,800 ರಿಯಾಲ್ ಜಮೆಯಾದದ್ದು ಅದರಲ್ಲಿ ಸ್ಪಷ್ಟವಾಗಿತ್ತು. ಫೆಬ್ರವರಿ 2ರ ಮೊದಲ ಭೇಟಿಯಲ್ಲಿಯೇ ಕಂಪೆನಿಯ ಪ್ರತಿನಿಧಿ 1,800ರ ಲೆಕ್ಕಕ್ಕೆ ಒಪ್ಪಿದರು. ಎಲ್ಲರ ವಿಷಯದಲ್ಲಿಯೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಕಂಪೆನಿ ದಿವಾಳಿಯಂಚಿನಲ್ಲಿದ್ದರೆ ಎಷ್ಟು ಸರಿಯಾದ ಪತ್ರವೂ ಹಣ ತರಲಾರದು. ಅಂತಹವರು ಅವಸರದಲ್ಲಿ ಮುಖಾಲಸಕ್ಕೆ ಸಹಿ ಹಾಕದೆ ಇದ್ದರೆ, ಕೆಲಸದ ಸಂಬಂಧ ಕೊನೆಗೊಂಡ ದಿನದಿಂದ 12 ತಿಂಗಳೊಳಗೆ ದಾವೆ ಹೂಡುವ ಹಕ್ಕಾದರೂ ಉಳಿದಿರುತ್ತದೆ. ಒಪ್ಪಂದ ಜಾರಿಯಲ್ಲಿರುವಾಗ ಕಾರ್ಮಿಕನಿಂದ ಬರೆಸಿಕೊಂಡ ಹಕ್ಕುತ್ಯಾಗ ಊರ್ಜಿತವಲ್ಲವೆಂದು ಅಲ್ಲಿನ ಕಾನೂನಿನ 8ನೆಯ ವಿಧಿ ಹೇಳುತ್ತದೆ. ಆದರೆ 'ಹಣ ಪಡೆದಿದ್ದೇನೆ' ಎಂಬುದು ತ್ಯಾಗವಲ್ಲ, ಪಡೆದುದರ ರಶೀದಿ. ಪಡೆದಿಲ್ಲವೆಂದು ಆಮೇಲೆ ಸಾಧಿಸುವುದು ಬಹಳ ಕಷ್ಟ.

ಕೊನೆಯ ಲೆಕ್ಕಕ್ಕೆ ಸಹಿ ಹಾಕಲು ಹೋದ ದಿನದ ಒಂದು ಸಂಗತಿಯನ್ನು ಭಾವ ನನಗೆ ಹೇಳಿರಲಿಲ್ಲ. ಊರಿಗೆ ಬಂದ ಮೇಲೆ ಅಕ್ಕನಿಂದ ತಿಳಿಯಿತು. ಹೊಸ ಹಾಳೆಯಲ್ಲಿ 12,540 ರಿಯಾಲ್ ಎಂದು ಸರಿಯಾಗಿ ಬರೆದಿತ್ತು. ಭಾವ ಅದನ್ನು ಎರಡು ಸಲ ಓದಿ, ಲೆಕ್ಕಿಗರಿಗೆ ಹಿಂದಿರುಗಿಸಿ, "ಕಳೆದ ರಂಝಾನ್‌ನಲ್ಲಿ ನಾನು 500 ರಿಯಾಲ್ ಮುಂಗಡ ಪಡೆದಿದ್ದೆ. ಅದನ್ನು ನೀವು ಕಳೆದಿಲ್ಲ" ಎಂದರಂತೆ. ಲೆಕ್ಕಿಗರು ಹಳೆಯ ಪುಸ್ತಕ ತೆಗೆದು ನೋಡಿದರು. ಇತ್ತು. ವಾರಗಟ್ಟಲೆ ಮುಖ ಬಿಗಿದುಕೊಂಡಿದ್ದ ಅವರು ಅಂದು ಚಹಾ ತರಿಸಿದರು. ಫೆಬ್ರವರಿ 7ರಂದು ಖಾತೆಗೆ 12,040 ರಿಯಾಲ್ ಬಂತು. 8ರಂದು ಮುಖಾಲಸಕ್ಕೆ ಸಹಿ, ಅದೇ ದಿನ ಖುರೂಜ್. ಸೇವಾ ಪ್ರಮಾಣಪತ್ರವನ್ನೂ ಕೊಟ್ಟರು. 16ರಂದು ದಮಾಮ್‌ನಿಂದ ಮಂಗಳೂರಿಗೆ ವಿಮಾನ.

ಆ ಬಳಿಕ ಕಾನೂನಿನಲ್ಲಿ ಬದಲಾವಣೆಗಳಾಗಿವೆ. 2025ರ ಫೆಬ್ರವರಿಯಿಂದ ರಾಜೀನಾಮೆಗೇ ಪ್ರತ್ಯೇಕ ನಿಯಮ ಬಂದಿದೆ. ಕಂಪೆನಿ 30 ದಿನಗಳೊಳಗೆ ಉತ್ತರಿಸದಿದ್ದರೆ ಅದು ಅಂಗೀಕಾರವಾದಂತೆ. ಅಂಗೀಕಾರವಾಗುವ ಮುನ್ನ, 7 ದಿನಗಳೊಳಗೆ ಅದನ್ನು ಹಿಂಪಡೆಯುವ ಅವಕಾಶವೂ ಇದೆ. ಅವಸರದಲ್ಲಿ ಸಹಿ ಹಾಕಿದ ನನ್ನಂತಹವರಿಗೆ ಆ ಏಳು ದಿನಗಳ ಬೆಲೆ ತಿಳಿದಿದೆ.

ಊರಿನ ನನ್ನ ಪುಟ್ಟ ಅಂಗಡಿಗೆ ಈಗ ಆಗಾಗ ಸೌದಿಯಿಂದ ಕರೆಗಳು ಬರುತ್ತವೆ. "ಕಾಕ, ಒಂದು ರಾಜೀನಾಮೆ ಪತ್ರ ಬರೆದುಕೊಡಿ" ಎನ್ನುತ್ತಾರೆ ಹುಡುಗರು. ನಾನು ಪೆನ್ನು ತೆಗೆಯುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ನಿನ್ನ ಒಪ್ಪಂದ ಯಾವ ದಿನ ಮುಗಿಯುತ್ತದೆ? ಹೆಚ್ಚಿನವರಿಗೆ ಇಕಾಮ ಮುಗಿಯುವ ದಿನ ಗೊತ್ತಿರುತ್ತದೆ, ಒಪ್ಪಂದ ಮುಗಿಯುವ ದಿನ ಗೊತ್ತಿರುವುದಿಲ್ಲ. ನೋಡಿ ಹೇಳು, ನಾಳೆ ಬರೆಯೋಣ ಎನ್ನುತ್ತೇನೆ. ಮರುದಿನ ಕರೆಮಾಡಿದವರಲ್ಲಿ ಹಲವರು ರಾಜೀನಾಮೆ ನೀಡದೆ, ಮೂರು ತಿಂಗಳೋ ನಾಲ್ಕು ತಿಂಗಳೋ ಕಾದು, ಒಪ್ಪಂದ ಮುಗಿಸಿ ಊರಿಗೆ ಬಂದಿದ್ದಾರೆ.

ಭಾವನ ಮಗಳ ನಿಕಾಹ್ ಮಾರ್ಚ್‌ನಲ್ಲಿ ಸಾಲವಿಲ್ಲದೆ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಮೊಹರು ಬಿದ್ದ ಆ ಪತ್ರದ ಪ್ರತಿಯನ್ನು ಅವರು ನನಗೆ ಕೊಟ್ಟಿದ್ದಾರೆ. 2013ರಲ್ಲಿ ನಾನು ಬರೆದ ಪತ್ರದ ಪ್ರತಿಯೂ ನನ್ನಲ್ಲಿದೆ. ಎರಡನ್ನೂ ಒಂದೇ ಕಡತದಲ್ಲಿ ಇಟ್ಟಿದ್ದೇನೆ. ಕೇಳಿಕೊಂಡು ಬರುವ ಹುಡುಗರಿಗೆ ಮೊದಲು ನನ್ನದನ್ನು ತೋರಿಸುತ್ತೇನೆ.